ವಾಚಿನ ಗಾಜು: ಸಫೈರ್ ಬೇಕೇ, ಮಿನರಲ್ ಸಾಕೇ?

ಪ್ರಶ್ನೆ: ಎರಡೇ ವರ್ಷಕ್ಕೆ ನನ್ನ ವಾಚಿನ ಮಿನರಲ್ ಗಾಜಿನ ತುಂಬ ಗೀರುಗಳು. ಸಫೈರ್ ಹಾಕಿಸಲೇ?

ಉತ್ತರ: ನಿಮ್ಮ ಗಾಜನ್ನು ಗೀರಿದ್ದು ಬಹುಶಃ ಧೂಳು. ಮರಳಿನಲ್ಲೂ ಗ್ರಾನೈಟ್ ಕಟ್ಟೆಯಲ್ಲೂ ಇರುವ ಸ್ಫಟಿಕ ಶಿಲೆಯ ಗಡಸುತನ ಮೋಸ್ ಮಾಪಕದಲ್ಲಿ 7. ಮಿನರಲ್ ಗಾಜಿನದು 6ರ ಆಸುಪಾಸು, ಸಫೈರಿನದು 9. ಹಾಗಾಗಿ ಧೂಳು ಮೆತ್ತಿದ ಅಂಗಿಯ ತೋಳು ಉಜ್ಜಿದರೂ ಮಿನರಲ್ ಗಾಜು ಗೀರಬಹುದು. ಸಫೈರಿಗೆ ಮರಳು ಏನೂ ಮಾಡದು. ಆದರೆ ವಜ್ರ ಮತ್ತು ಉಪ್ಪುಕಾಗದದ ಕೆಲವು ಬಗೆಯ ಪುಡಿ ಅದನ್ನೂ ಗೀರಬಲ್ಲವು.

ಸಫೈರ್ ಮೇಲೆ ಗೆರೆ ಕಂಡರೆ ತಕ್ಷಣ ಗಾಬರಿಪಡಬೇಡಿ. ಬಾಗಿಲಿನ ಚಿಲಕಕ್ಕೆ ತಾಗಿದಾಗ ಆ ಲೋಹವೇ ಸವೆದು ಗಾಜಿಗೆ ಅಂಟಿರಬಹುದು. ರಬ್ಬರಿನಿಂದ ಉಜ್ಜಿ ನೋಡಿ. ಹೊರಮೈಗೆ ಪ್ರತಿಫಲನ ತಡೆಯುವ ಲೇಪನವಿದ್ದರೆ ಗೀರು ಅದಕ್ಕಷ್ಟೇ ಆಗಿರಲೂಬಹುದು.

ಗಡಸು ಎಂದರೆ ಒಡೆಯದು ಎಂದಲ್ಲ. ಅಂಚಿಗೆ ಬಲವಾದ ಪೆಟ್ಟು ಬಿದ್ದರೆ ಸಫೈರ್ ಚೂರಾಗುತ್ತದೆ. ಆ ಚೂರುಗಳು ಡಯಲನ್ನು ಗೀರಿ ಯಂತ್ರದೊಳಗೂ ಸೇರುತ್ತವೆ. ಒಡೆದ ವಾಚನ್ನು ಅಲ್ಲಾಡಿಸದೆ, ಕೀ ತಿರುಗಿಸದೆ ರಿಪೇರಿಗೆ ಕೊಡಿ.

ಮಿನರಲ್ಲಿನ ನವಿರು ಗೀರುಗಳನ್ನು ಸೀರಿಯಂ ಆಕ್ಸೈಡ್‌ನಿಂದ ಉಜ್ಜಿ ತೆಗೆಯಬಹುದು. ಉಗುರಿಗೆ ತಟ್ಟುವಷ್ಟು ಆಳವಿದ್ದರೆ ಉಜ್ಜುವುದು ವ್ಯರ್ಥ, ಬದಲಿಸಿಬಿಡಿ. ಸಾಧಾರಣ ದುಂಡು ಚಪ್ಪಟೆ ಗಾಜಾದರೆ ಕೆಲವು ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯುತ್ತದೆ. ಸಫೈರಿಗೆ ಅದರ ಹಲವು ಪಟ್ಟು ಆದೀತು, ಉಬ್ಬು ಗಾಜಾದರೆ ಇನ್ನೂ ಹೆಚ್ಚು. ನನ್ನ ಸಲಹೆ: ವಾಚಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಹೇಳಿದರೆ ಮತ್ತೆ ಮಿನರಲ್ ಗಾಜನ್ನೇ ಹಾಕಿಸಿ. ಯಾವುದನ್ನೇ ಹಾಕಿಸಿದರೂ ಹೊಸ ಗ್ಯಾಸ್ಕೆಟ್ ಹಾಕಿಸಿ, ನೀರು ನುಗ್ಗದಂತೆ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ.