ಶೇಕಡಾ 25 ಹೇಗೆ ಬಂತು?

ಮಕ್ಕಳೇ, ಕಬಕದಲ್ಲಿ 20 ಮನೆಗಳ ಒಂದು ಫ್ಲ್ಯಾಟ್ ಇದೆ ಎಂದುಕೊಳ್ಳಿ. ಅಲ್ಲಿನ ಕೋಶಾಧಿಕಾರಿಯವರು ಮನೆಮನೆಗೆ ಕೊಟ್ಟ ಪತ್ರ ಇದು:

“ಮಾನ್ಯರೇ, ನಮ್ಮ ತಿಂಗಳ ಖರ್ಚು 24,000 ರೂಪಾಯಿ ಇತ್ತು. ಕಾವಲುಗಾರರ ಸಂಬಳ 3,000, ಲಿಫ್ಟ್ ಮತ್ತು ಪಂಪಿನ ಕರೆಂಟ್ ಬಿಲ್ 2,000, ಗುಡಿಸುವವರ ಸಂಬಳ 1,000 ಹೆಚ್ಚಾಗಿ ಈಗ 30,000 ಆಗಿದೆ. ಆದ್ದರಿಂದ ಪ್ರತಿ ಮನೆಯ ನಿರ್ವಹಣಾ ಶುಲ್ಕ 1,200ರಿಂದ 1,500 ರೂಪಾಯಿಗೆ ಏರುತ್ತದೆ. ಏರಿಕೆ ಶೇಕಡಾ 25.”

ಅಜ್ಜ 300ನ್ನು 1,500ರಿಂದ ಭಾಗಿಸಿ, “ಶೇಕಡಾ 20 ಅಲ್ಲವೇ?” ಎಂದು ಕೇಳಿಯಾರು. ಆದರೆ ಏರಿಕೆಯನ್ನು ಅಳೆಯುವುದು ಹಳೆಯ ಮೊತ್ತದ ಮೇಲೆ: 300 ÷ 1,200 × 100 = 25. ತಾಳೆ ನೋಡೋಣ. 1,200ರ ಶೇಕಡಾ 20 ಎಂದರೆ 240. ಕೂಡಿದರೆ 1,440 ಮಾತ್ರ. ಶೇಕಡಾ 25 ಎಂದರೆ 300. ಕೂಡಿದರೆ ಸರಿಯಾಗಿ 1,500.

ಮುಂದೆ ಶುಲ್ಕ ಮತ್ತೆ 1,200ಕ್ಕೆ ಇಳಿದರೆ ಆ ಇಳಿಕೆ ಶೇಕಡಾ 20. ಆಗ ಹಳೆಯ ಮೊತ್ತ 1,500 ತಾನೇ?