ಕರೆಗಂಟೆಯ ಮೇಲಿನ ಹೆಸರು

ಮ್ಯೂನಿಕ್‌ಗೆ ಬಂದಿಳಿದ ಕನ್ನಡಿಗರಿಗೆ ಮೊದಲು ಬೇಕಾಗುವುದು ಒಂದು ಕಾಗದ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಜರ್ಮನರು ಇದನ್ನು ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ‘ಇವರು ನಮ್ಮ ಮನೆಗೆ ವಾಸಕ್ಕೆ ಬಂದಿದ್ದಾರೆ’ ಎಂದು ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಇದಕ್ಕೆ ಬೇಕು. ನೋಂದಣಿಯಾದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ ಸಂಬಳದಲ್ಲಿ ತೆರಿಗೆ ತುಂಬಾ ಹೆಚ್ಚು ಕಡಿತವಾಗುವ ಸಂಭವವಿದೆ. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಕರೆಗಂಟೆ ಮತ್ತು ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ನನಗೆ ಪರಿಚಯದ ದಾವಣಗೆರೆಯ ದಂಪತಿಗೆ ಇದನ್ನೆಲ್ಲ ಹೇಳಿಕೊಟ್ಟದ್ದು ಅಲ್ಲಿನ ಕನ್ನಡ ಬಳಗದ ವಾಟ್ಸಾಪ್ ಗುಂಪು. ಮೂರು ತಿಂಗಳಿಗೆ ಊರಿಗೆ ಹೊರಟಿದ್ದ ಹುಬ್ಬಳ್ಳಿಯವರೊಬ್ಬರು ತಮ್ಮ ಮನೆಯನ್ನು ಇವರಿಗೆ ಬಿಟ್ಟುಕೊಟ್ಟರು. “ಮಾಲೀಕರ ಒಪ್ಪಿಗೆ ತಗೊಂಡೀನಿ, ಪತ್ರಕ್ಕೆ ನಾನೇ ಸಹಿ ಮಾಡ್ತೀನಿ. ಗಂಟೆ ಮ್ಯಾಲೆ ನಿಮ್ಮ ಹೆಸರೂ ಅಂಟಿಸ್ರಿ” ಎಂದರು. ಪತ್ರ ಕೊಡಲು ಒಪ್ಪದ ಬಾಡಿಗೆ ಮನೆಗೆ ಮುಂಗಡ ಕಟ್ಟಿ ಒದ್ದಾಡುವವರನ್ನು ಕಂಡಿದ್ದ ನನಗೆ, ನಮ್ಮವರು ಎಂಬ ಮಾತಿನ ಬೆಲೆ ಅಂದು ಮತ್ತೊಮ್ಮೆ ತಿಳಿಯಿತು.

ತೊಡಕು ಶುರುವಾದದ್ದು ಎರಡನೆಯ ವರ್ಷ. ಗಂಡನಿಗೆ ಬ್ಲೂ ಕಾರ್ಡ್ ಇತ್ತು. ಕಾಯಂ ವಾಸದ ಪರವಾನಗಿಗೆ ಎಷ್ಟು ಕಾಯಬೇಕೆಂದು ಕೇಳಿದರೆ ಗುಂಪಿನಲ್ಲಿ ನಾಲ್ಕಾರು ಜನ ಒಂದೇ ಉತ್ತರ ಕೊಟ್ಟರು: 33 ತಿಂಗಳು. ಆದರೆ 2023ರ ನವೆಂಬರ್‌ನಿಂದಲೇ ಅದು 27ಕ್ಕೆ ಇಳಿದಿತ್ತು. ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ ಮುಟ್ಟಿದವರಿಗೆ 21 ತಿಂಗಳು ಸಾಕು. ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬರು ಹಿಂದೆ ಅನುಭವಿಸಿದ್ದನ್ನು ಉಳಿದವರು ಕೇಳಿ ದಾಟಿಸಿದ್ದರು. ನಾಲ್ಕು ಬಾಯಿಂದ ಬಂದದ್ದರಿಂದ ನಾಲ್ಕು ಸಾಕ್ಷಿಯಂತೆ ಕಂಡಿತು, ಮೂಲ ಮಾತ್ರ ಒಂದೇ. ನಮ್ಮ ವಲಯ ಮುಚ್ಚಿಕೊಳ್ಳುತ್ತಿದೆ ಎಂದು ಗುರುತಿಸಲು ಇದಕ್ಕಿಂತ ಸ್ಪಷ್ಟವಾದ ಲಕ್ಷಣ ನನಗೆ ಗೊತ್ತಿಲ್ಲ.

ಹೆಂಡತಿ ಸಿವಿಲ್ ಎಂಜಿನಿಯರ್. ಬಳಗದವರು ಕೈಲಾದಷ್ಟು ಸಹಾಯ ಮಾಡಿದರು, ಆದರೆ ಬಹುತೇಕ ಎಲ್ಲರೂ ಸಾಫ್ಟ್‌ವೇರ್‌ನವರು. ಅವರಿಗೆ ಗೊತ್ತಿದ್ದ ಕಂಪನಿಗಳೂ ಅವೇ, ಖಾಲಿ ಹುದ್ದೆಗಳೂ ಅವೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಬರೆದದ್ದು ಇದನ್ನೇ. ಬಾಸ್ಟನ್ ಬಳಿಯ ನ್ಯೂಟನ್ ಊರಿನಲ್ಲಿ ಪರಿಚಯದವರ ಮೂಲಕ ಕೆಲಸ ಬದಲಿಸಿದವರನ್ನು ಅವರು ವಿಚಾರಿಸಿದಾಗ, ಆ ಸುಳಿವು ಕೊಟ್ಟವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆ ಸುದ್ದಿ ತಲುಪಿಸಿದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಕಾಣುವ ಪರಿಚಯಸ್ಥರು. ಆಪ್ತರಿಗೆ ಗೊತ್ತಿರುವುದು ಹೆಚ್ಚಾಗಿ ನಮಗೂ ಗೊತ್ತಿರುತ್ತದೆ.

ಹಾಗೆಂದು ಆಕೆ ಬಳಗ ಬಿಡಲಿಲ್ಲ. ಬಳಗವನ್ನು ಕೇಳುವ ರೀತಿ ಬದಲಿಸಿದರು. “ಅಕ್ಕಾ, ಎಲ್ಲಾದ್ರೂ ಕೆಲಸ ಇದ್ರೆ ಹೇಳಿ” ಎನ್ನುವ ಬದಲು, ಹದಿನೈದು ವರ್ಷದಿಂದ ಅಲ್ಲಿರುವ ಶಿವಮೊಗ್ಗದ ಹಿರಿಯರೊಬ್ಬರನ್ನು “ವಾರಕ್ಕೊಮ್ಮೆ ನಮ್ಮೋರಲ್ಲದೋರ ಜೊತೆ ನೀವು ಎಲ್ಲಿಗೆ ಹೋಗ್ತೀರಿ? ನನ್ನನ್ನೂ ಒಂದು ದಿನ ಕರ್ಕೊಂಡು ಹೋಗ್ತೀರಾ?” ಎಂದು ಕೇಳಿದರು. ಆ ಅಕ್ಕ ಬಡಾವಣೆಯ ಕ್ರೀಡಾಸಂಘದಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದರು. ಜರ್ಮನಿಯಲ್ಲಿ ಇಂಥ ಸಂಘಕ್ಕೆ ‘ಫೆರೈನ್’ ಎನ್ನುತ್ತಾರೆ. ಆಟ, ಹಾಡು, ಬೆಟ್ಟ ಹತ್ತುವುದು, ತೋಟಗಾರಿಕೆ, ಎಲ್ಲಕ್ಕೂ ಒಂದೊಂದು ಇರುತ್ತದೆ. ಸದಸ್ಯರಾಗುವ ಮೊದಲು ಒಂದೆರಡು ದಿನ ಪುಕ್ಕಟೆ ಆಡಿ ನೋಡಲು ಹೆಚ್ಚಿನ ಕಡೆ ಬಿಡುತ್ತಾರೆ.

ಮೊದಲ ಎರಡು ತಿಂಗಳು ಆಟ ಮುಗಿದರೆ ಎಲ್ಲರೂ ಕೈಕುಲುಕಿ ಹೊರಟುಬಿಡುತ್ತಿದ್ದರು. ತಮ್ಮನ್ನು ದೂರ ಇಡುತ್ತಿದ್ದಾರೆಂದು ಆಕೆಗೆ ಅನಿಸಿದ್ದೂ ಆಗಲೇ. ನಮ್ಮಲ್ಲಿ ಬಹಳ ಜನ ಬಿಡುವುದೂ ಈ ಹಂತದಲ್ಲೇ. ಅಲ್ಲಿ ಸಲಿಗೆ ಬೆಳೆಯುವುದು ಆಟಕ್ಕಿಂತ ಹೆಚ್ಚಾಗಿ ಸಂಘದ ಕೆಲಸದಲ್ಲಿ: ಪಂದ್ಯದ ದಿನ ನೆಟ್ ಕಟ್ಟುವುದು, ಕಾಫಿ ಹಂಚುವುದು, ಮನೆಯಿಂದ ಕೇಕ್ ತರುವುದು. ಆಕೆ ಕೇಕಿನ ಬದಲು ರವೆ ಉಂಡೆ ಒಯ್ದು ತಿಂಡಿಯ ಮೇಜಿನ ಹಿಂದೆ ನಿಂತರು. ಅಂದು ಮಧ್ಯಾಹ್ನವಿಡೀ ಅಕ್ಕ ಆಕೆಯೊಡನೆ ಜರ್ಮನ್‌ನಲ್ಲೇ ಮಾತಾಡಿದರು. ಇಬ್ಬರು ಕನ್ನಡಕ್ಕೆ ಇಳಿದರೆ ಪಕ್ಕದಲ್ಲಿದ್ದ ಮೂರನೆಯವರು ಮೆಲ್ಲಗೆ ಎದ್ದು ಹೋಗುತ್ತಾರೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಆ ಮೇಜಿನ ಹಿಂದೆ ಜೊತೆಗಿದ್ದ ಹೆಂಗಸಿನ ತಮ್ಮ ಸೇತುವೆಗಳ ವಿನ್ಯಾಸದ ಸಣ್ಣ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ. ಕಚೇರಿಯವರು ಭಾಷೆ ಇನ್ನಷ್ಟು ಸುಧಾರಿಸಬೇಕೆಂದು ಮೊದಲ ಸಲ ಒಪ್ಪಲಿಲ್ಲ. ಆರು ತಿಂಗಳ ಸಂಜೆ ತರಗತಿಯ ನಂತರ ಮತ್ತೆ ಕರೆದು ಕೆಲಸ ಕೊಟ್ಟರು.

ಈಗ ಬಳಗದಲ್ಲಿ ಕಟ್ಟಡ ಕ್ಷೇತ್ರದವರು ಯಾರೇ ಹೊಸದಾಗಿ ಬಂದರೂ ಆಕೆಯ ನಂಬರ್ ಕೊಡುತ್ತಾರೆ. ಆಕೆ ಮೊದಲು ವಿಚಾರಿಸುವುದು ಕರೆಗಂಟೆಯ ಮೇಲೆ ಹೆಸರು ಅಂಟಿಸಿದ್ದಾರೆಯೇ ಎಂದು. ಆಮೇಲೆ ಬ್ಯಾಡ್ಮಿಂಟನ್ ಆಡಲು ಬರುತ್ತದೆಯೇ ಎಂದು.