ಅಂಕಿಯೊಂದು ಕಡೆ, ಅರ್ಥ ಇನ್ನೊಂದು ಕಡೆ

ಸಂಶೋಧನಾ ಪ್ರಬಂಧದಲ್ಲಿ ‘ಫಲಿತಾಂಶ’ ಎಂಬ ಭಾಗಕ್ಕೆ ಇರುವುದು ಒಂದೇ ಕೆಲಸ: ಏನು ಸಿಕ್ಕಿತು ಎಂದು ಹೇಳುವುದು. ಅದು ಯಾಕೆ ಹಾಗಾಯಿತು, ಅದರಿಂದ ಏನು ತಿಳಿಯಬೇಕು ಎಂಬುದೆಲ್ಲ ಮುಂದಿನ ‘ಚರ್ಚೆ’ಯ ಪಾಲು. ಬರೆಯಲು ಕೂತಾಗ ಮಾತ್ರ ಇವೆರಡೂ ಒಂದೇ ವಾಕ್ಯದೊಳಗೆ ಸೇರಿಕೊಂಡುಬಿಡುತ್ತವೆ. ಬಿಡಿಸುವುದು ಹೇಗೆ ಎಂಬುದನ್ನು ಒಂದು ನಿಜವಾದ ಪ್ರಯೋಗದ ಅಂಕಿಗಳನ್ನಿಟ್ಟುಕೊಂಡು ನೋಡೋಣ.

ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಶ್ವಾಸಕೋಶದ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಷ್ಟು ಉಪಯೋಗ ಎಂದು ಪರೀಕ್ಷಿಸಿ 1948ರಲ್ಲಿ ವರದಿ ಪ್ರಕಟಿಸಿತು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಯಾದೃಚ್ಛಿಕವಾಗಿ ಹಂಚಿದ್ದರು. ಆ ಯೋಜನೆ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರದು. ಇದೇ ಅಂಕಿಗಳನ್ನು ನಮ್ಮ ಎಂ.ಎಸ್‌ಸಿ. ವಿದ್ಯಾರ್ಥಿಯೊಬ್ಬರು ಬರೆದಿದ್ದರೆ ಬಹುಶಃ ಹೀಗಿರುತ್ತಿತ್ತು (ಈ ಕರಡು ನನ್ನ ಕಲ್ಪನೆ, ಅಂಕಿಗಳು ಮಾತ್ರ ವರದಿಯವು):

“ಔಷಧ ಪಡೆದವರಲ್ಲಿ ಕೇವಲ 4 ಜನ ಸತ್ತರು, ಔಷಧವು ರೋಗಾಣುಗಳನ್ನು ತಡೆದದ್ದೇ ಇದಕ್ಕೆ ಕಾರಣ. ಔಷಧವಿಲ್ಲದವರಲ್ಲಿ ಸಾವು ಆತಂಕಕಾರಿಯಾಗಿ ಶೇ. 27ಕ್ಕೆ ಏರಿತು. ಎಕ್ಸ್‌ರೇಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದ್ಭುತ ಸುಧಾರಣೆ ಕಂಡದ್ದರಿಂದ ಕ್ಷಯಕ್ಕೆ ಇದೇ ಮದ್ದು ಎಂದು ಸಾಬೀತಾಯಿತು.”

ಪೆನ್ಸಿಲ್ ಹಿಡಿದು, ಎಣಿಸಿದ್ದು ಅಥವಾ ಅಳೆದದ್ದರ ಕೆಳಗೆ ಗೆರೆ ಎಳೆಯಿರಿ. ಗೆರೆ ಬೀಳುವುದು 4, ಶೇ. 27, ‘ಅರ್ಧಕ್ಕಿಂತ ಹೆಚ್ಚು’ ಈ ಮೂರಕ್ಕೇ. ಉಳಿದದ್ದೆಲ್ಲ ಬರೆದವರ ಅಭಿಪ್ರಾಯ. ‘ಇದಕ್ಕೆ ಕಾರಣ’, ‘ಸಾಬೀತಾಯಿತು’ ಎಂಬಂಥವನ್ನು ಯಾರಾದರೂ ಹಿಡಿಯುತ್ತಾರೆ. ನುಣುಚಿಕೊಳ್ಳುವುದು ‘ಕೇವಲ’, ‘ಆತಂಕಕಾರಿಯಾಗಿ’, ‘ಅದ್ಭುತ’, ‘ಏರಿತು’ ಎಂಬ ಪದಗಳು. ಅಂಕಿಯ ಪಕ್ಕದಲ್ಲೇ ಇರುವುದರಿಂದ ಅವೂ ಅಳತೆಯ ಭಾಗವೆಂಬಂತೆ ಕಾಣುತ್ತವೆ. ‘ಏರಿತು’ ಎನ್ನಲು ಮೊದಲು ಎಷ್ಟಿತ್ತು ಎಂದಾದರೂ ಗೊತ್ತಿರಬೇಕಲ್ಲ!

ವ್ಯಾಖ್ಯಾನವನ್ನು ಕಿತ್ತ ಮೇಲೆ ಇನ್ನೊಂದು ದೋಷ ಬಯಲಾಗುತ್ತದೆ. ಒಂದು ಗುಂಪಿಗೆ ತಲೆಲೆಕ್ಕ, ಇನ್ನೊಂದಕ್ಕೆ ಶೇಕಡಾವಾರು. ಒಟ್ಟು ಎಷ್ಟು ಮಂದಿ ಎಂಬುದು ಎಲ್ಲೂ ಇಲ್ಲ. ಅಂಕಿ ಹೇಳದ್ದನ್ನು ವಿಶೇಷಣ ಹೇಳುತ್ತಿತ್ತು, ಹಾಗಾಗಿ ಕೊರತೆ ಕಂಡಿರಲಿಲ್ಲ. ತಿದ್ದಿದ ಫಲಿತಾಂಶ ಇಷ್ಟು:

“ಆರು ತಿಂಗಳ ಕೊನೆಗೆ, ಸ್ಟ್ರೆಪ್ಟೊಮೈಸಿನ್ ಮತ್ತು ಹಾಸಿಗೆ ವಿಶ್ರಾಂತಿ ಪಡೆದ 55 ಮಂದಿಯಲ್ಲಿ 4 (ಶೇ. 7), ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 (ಶೇ. 27) ಮಂದಿ ಸತ್ತಿದ್ದರು. ಎಕ್ಸ್‌ರೇಯಲ್ಲಿ ‘ಗಣನೀಯ ಸುಧಾರಣೆ’ ಎಂಬ ದರ್ಜೆ ಮೊದಲ ಗುಂಪಿನ 28 (ಶೇ. 51), ಎರಡನೆಯ ಗುಂಪಿನ 4 (ಶೇ. 8) ಮಂದಿಗೆ ಸಿಕ್ಕಿತು.”

‘ಗಣನೀಯ’ ಎಂಬುದೂ ಅಭಿಪ್ರಾಯವಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ; ಈ ಕೆಲಸದ ಕಷ್ಟವೆಲ್ಲ ಇರುವುದೇ ಇಲ್ಲಿ. ಎಕ್ಸ್‌ರೇ ಓದುವುದು ಮನುಷ್ಯರ ತೀರ್ಮಾನವೇ. ಆದರೆ ಆ ಪ್ರಯೋಗದಲ್ಲಿ ಮೂವರು ತಜ್ಞರು ಫಿಲ್ಮುಗಳನ್ನು ಬೇರೆಬೇರೆಯಾಗಿ ನೋಡಿದರು. ಯಾವ ರೋಗಿ ಯಾವ ಗುಂಪಿನವನೆಂಬುದು ಅವರಿಗೆ ತಿಳಿದಿರಲಿಲ್ಲ. ಮೊದಲೇ ನಿಗದಿಯಾದ ವಿಧಾನದಿಂದ, ಉತ್ತರ ತಿಳಿಯದೆ ಕೊಟ್ಟ ದರ್ಜೆಯನ್ನು ಎಣಿಸಬಹುದು, ಫಲಿತಾಂಶದಲ್ಲಿ ಇಡಬಹುದು. ದರ್ಜೆ ಕೊಟ್ಟದ್ದು ಹೇಗೆ ಎಂಬುದು ‘ವಿಧಾನ’ದ ಭಾಗಕ್ಕೆ ಹೋಗಬೇಕು. ‘ಅದ್ಭುತ’ಕ್ಕೆ ಅಂಥ ಹಿನ್ನೆಲೆಯಿಲ್ಲ, ಅದನ್ನು ಹೊಡೆದುಹಾಕುವುದೇ ಸರಿ. ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು ಎಂಬ ಲೆಕ್ಕವೂ ಫಲಿತಾಂಶದ್ದೇ. ಆ ವ್ಯತ್ಯಾಸಕ್ಕೆ ಔಷಧವೇ ಕಾರಣ ಎನ್ನುವುದು ಚರ್ಚೆಯದು.

ಇನ್ನು ಕಿತ್ತಿಟ್ಟ ವಾಕ್ಯಗಳು. ಅವನ್ನು ಹಾಗೆಯೇ ಚರ್ಚೆಗೆ ತಂದು ಸುರಿದರೆ ಕಸ ಜಾಗ ಬದಲಿಸಿತು, ಅಷ್ಟೇ. ಚರ್ಚೆಯಲ್ಲಿ ಪ್ರತಿ ಮಾತಿಗೂ ಆಧಾರ ಕೊಡಬೇಕು: “ಹಂಚಿಕೆ ಯಾದೃಚ್ಛಿಕವಾಗಿತ್ತು, ವಿಶ್ರಾಂತಿ ಎರಡೂ ಗುಂಪಿಗಿತ್ತು, ಆದ್ದರಿಂದ ಸಾವಿನ ವ್ಯತ್ಯಾಸಕ್ಕೆ ಔಷಧ ಕಾರಣವೆನ್ನಬಹುದು.” ಹೀಗೆ ಬರೆಯಹೊರಟಾಗ ‘ಇದೇ ಮದ್ದು’ ಎಂಬ ಮಾತಿಗೆ ಆಧಾರ ಸಿಗುವುದಿಲ್ಲ. ಏಕೆಂದರೆ ಮೊದಲ ತಿಂಗಳುಗಳಲ್ಲಿ ಚೇತರಿಸಿಕೊಂಡ ಹಲವರು ಆಮೇಲೆ ಹದಗೆಟ್ಟರು. ರೋಗಾಣುಗಳು ಔಷಧಕ್ಕೆ ಪ್ರತಿರೋಧ ಬೆಳೆಸಿಕೊಂಡಿದ್ದವು. ಇದೂ ಅದೇ ವರದಿಯಲ್ಲಿದೆ.

ಐದು ವರ್ಷಗಳ ಬಳಿಕ ಲೆಕ್ಕ ಹಾಕಿದಾಗ ಔಷಧ ಪಡೆದ 55ರಲ್ಲಿ 32, ಪಡೆಯದ 52ರಲ್ಲಿ 35 ಮಂದಿ ತೀರಿಕೊಂಡಿದ್ದರು. ‘ಸಾಬೀತಾಯಿತು’ ಎಂದು ಬರೆದಿದ್ದರೆ ಆ ವಾಕ್ಯವನ್ನು ಹರಿದುಹಾಕಬೇಕಿತ್ತು. 55ರಲ್ಲಿ 4, 52ರಲ್ಲಿ 14 ಎಂಬುದರಲ್ಲಿ ಒಂದಕ್ಷರವನ್ನೂ ಬದಲಿಸಬೇಕಿರಲಿಲ್ಲ.

ಫಲಿತಾಂಶ ಮತ್ತು ಚರ್ಚೆ ಎರಡನ್ನೂ ಒಂದೇ ಶೀರ್ಷಿಕೆಯಡಿ ಕೇಳುವ ಪತ್ರಿಕೆಗಳೂ ಇವೆ. ಅಲ್ಲಿಯೂ ಅಂಕಿಗೊಂದು ವಾಕ್ಯ, ಅರ್ಥಕ್ಕೊಂದು ವಾಕ್ಯ ಬರೆಯಲು ಯಾರೂ ಅಡ್ಡಿ ಮಾಡುವುದಿಲ್ಲ. ಪ್ರಬಂಧವನ್ನು ಮಾರ್ಗದರ್ಶಕರ ಕೈಗೆ ಕೊಡುವ ಮುನ್ನ ಫಲಿತಾಂಶದ ಪುಟಗಳಲ್ಲಿ ‘ಕೇವಲ’, ‘ಸ್ಪಷ್ಟವಾಗಿ’, ‘ಇದರಿಂದಾಗಿ’ ಎಂಬ ಮೂರು ಪದಗಳನ್ನು ಹುಡುಕಿ ನೋಡಿ. ತಿದ್ದುವ ಕೆಲಸವನ್ನು ಅಲ್ಲಿಂದಲೇ ಶುರುಮಾಡಬಹುದು.